ಕೀ ತಿರುಗಿಸಿದರೆ ಟಕಟಕ, ಮೀಟರ್ ಬೋರ್ಡ್ ಕತ್ತಲು

ಸಾಗರದಲ್ಲಿ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ. ಮೂರು ದಿನ ಬಿಡದೆ ಹೊಡೆದ ಮಳೆ ಆಗಷ್ಟೇ ಹೊಳವಾಗಿತ್ತು. ಚಿಕ್ಕಪ್ಪ ಹತ್ತು ಗಂಟೆಯೊಳಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿರಬೇಕಿತ್ತು. ಕಾರಿನಲ್ಲಿ ಕೂತು ಕೀಯನ್ನು ಅರ್ಧ ತಿರುಗಿಸಿದಾಗ ಎದುರಿನ ಮೀಟರ್ ಬೋರ್ಡಿನ ಕೆಂಪು, ಹಳದಿ ದೀಪಗಳೆಲ್ಲ ಎಂದಿನಂತೆ ಹತ್ತಿಕೊಂಡವು. ಪೂರ್ತಿ ತಿರುಗಿಸಿದ್ದೇ ತಡ, ಬಾನೆಟ್ಟಿನ ಒಳಗಿನಿಂದ ಟಕಟಕಟಕ ಎಂದು ಬಿರುಸಾದ ಸದ್ದು ಬಂತು. ಅದೇ ಕ್ಷಣಕ್ಕೆ ಬೋರ್ಡಿನ ದೀಪಗಳೆಲ್ಲ ಆರಿದವು. ಕೀ ಬಿಟ್ಟರೆ ದೀಪ ಮತ್ತೆ ಬಂತು, ಗಡಿಯಾರ ಮಾತ್ರ ಮೊದಲಿನಿಂದ ಎಣಿಸತೊಡಗಿತ್ತು. ಇನ್ನೊಮ್ಮೆ ತಿರುಗಿಸಿದರೂ ಅದೇ ಟಕಟಕ, ಅದೇ ಕತ್ತಲು.

"ಬ್ಯಾಟರಿ ಹೋಯ್ತು" ಎಂದರು ಅಂಗಳದಲ್ಲಿ ನಿಂತ ಎಲ್ಲರೂ. ವಿಚಿತ್ರವೆಂದರೆ ಆ ಬ್ಯಾಟರಿ ಹಾಕಿಸಿ ಎರಡು ತಿಂಗಳೂ ಆಗಿರಲಿಲ್ಲ. ಜೂನ್ ತಿಂಗಳಲ್ಲಿ ಇದೇ ಸದ್ದು ಕೇಳಿಯೇ ಹಳೆಯದನ್ನು ಕೊಟ್ಟು ಹೊಸದು ತಂದದ್ದು. ಕಾರಿನ ವಿಷಯದಲ್ಲಿ ಜನ ಅತಿ ಹೆಚ್ಚು ತಪ್ಪು ಅರ್ಥ ಮಾಡಿಕೊಳ್ಳುವ ಸದ್ದು ಇದೇ ಎಂದು ನನಗೆ ಮನವರಿಕೆಯಾದದ್ದು ಆ ದಿನ. ಈ ಸದ್ದು ಒಂದು ಮಾತನ್ನು ಬಹಳ ಖಚಿತವಾಗಿ ಹೇಳುತ್ತದೆ. ಆದರೆ ಆ ಮಾತು "ಬ್ಯಾಟರಿ ಸತ್ತಿದೆ" ಎಂಬುದಲ್ಲ.

ಪಕ್ಕದ ಬೀದಿಯಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡುವ ಅಣ್ಣನೊಬ್ಬರಿದ್ದಾರೆ. ಚಿಕ್ಕಪ್ಪನನ್ನು ಬೇರೆಯವರ ಕಾರಿನಲ್ಲಿ ಕಳಿಸಿಯಾದ ಮೇಲೆ ನಾನು ಅವರನ್ನು ಕರೆತಂದೆ. ಅವರು ಬಾನೆಟ್ ಎತ್ತುವ ಮೊದಲು, "ಎಲ್ಲಿ, ಒಂದ್ಸಲ ಕೀ ತಿರುಗಿಸು ನೋಡಣ" ಎಂದರು. ಟಕಟಕ ಕೇಳಿದ್ದೇ ನಕ್ಕರು. "ಬೇಸಿಗೇಲಿ ತೋಟದ ಸ್ಟಾರ್ಟರ್ ಹೀಗೇ ಕಟಕಟ ಅನ್ನೋದು ಕೇಳಿಲ್ವಾ? ಇದೂ ಅದೇ."

ಪಂಪ್‌ಸೆಟ್ ಇರುವ ಮನೆಯವರಿಗೆ ಈ ಹೋಲಿಕೆ ತಕ್ಷಣ ಹಿಡಿಯುತ್ತದೆ. ಊರಿನ ಮೋಟರುಗಳೆಲ್ಲ ಒಟ್ಟಿಗೆ ಓಡುವಾಗ ಲೋ ವೋಲ್ಟೇಜ್ ಇರುತ್ತದೆ. ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದರೆ ಒಳಗಿನ ಕಾಯಿಲ್ ಕಬ್ಬಿಣವನ್ನು ಎಳೆದುಕೊಳ್ಳುತ್ತದೆ, ಮೋಟರಿಗೆ ಕರೆಂಟ್ ಹೋಗುತ್ತದೆ. ಮೋಟರ್ ಒಮ್ಮೆಲೇ ಕರೆಂಟ್ ಎಳೆದ ರಭಸಕ್ಕೆ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಕಾಯಿಲಿಗೆ ಹಿಡಿದುಕೊಳ್ಳಲು ಶಕ್ತಿ ಸಾಲದೆ ಕೈಬಿಡುತ್ತದೆ. ಕೈಬಿಟ್ಟೊಡನೆ ಮೋಟರ್ ನಿಲ್ಲುತ್ತದೆ, ವೋಲ್ಟೇಜ್ ಮತ್ತೆ ಏರುತ್ತದೆ, ಕಾಯಿಲ್ ಮತ್ತೆ ಎಳೆಯುತ್ತದೆ. ಹಿಡಿಯುವುದು, ಬಿಡುವುದು, ಹಿಡಿಯುವುದು, ಬಿಡುವುದು. ಕಟಕಟ ಎಂದರೆ ಇಷ್ಟೇ.

ಕಾರಿನಲ್ಲಿ ಇದೇ ಆಟ 12 ವೋಲ್ಟಿನಲ್ಲಿ ನಡೆಯುತ್ತದೆ. ಎಂಜಿನ್ನನ್ನು ಮೊದಲ ಸುತ್ತು ತಿರುಗಿಸುವ ಸ್ಟಾರ್ಟರ್ ಮೋಟರನ್ನು ನಮ್ಮ ಗ್ಯಾರೇಜುಗಳಲ್ಲಿ ಸೆಲ್ಫ್ ಎನ್ನುತ್ತಾರೆ. ಅದರ ಬೆನ್ನ ಮೇಲೆ ಒಂದು ಸಣ್ಣ ಉರುಳೆ ಇರುತ್ತದೆ, ಅದೇ ಸೊಲೆನಾಯ್ಡ್. ಅದರೊಳಗೆ ತಂತಿಯ ಎರಡು ಸುರುಳಿಗಳು, ನಡುವೆ ಜಾರುವ ಒಂದು ಕಬ್ಬಿಣದ ತುಂಡು. ಕೀ ತಿರುಗಿಸಿದಾಗ ಎರಡೂ ಸುರುಳಿ ಸೇರಿ ಕಬ್ಬಿಣವನ್ನು ಎಳೆಯುತ್ತವೆ. ಆ ಕಬ್ಬಿಣ ಎರಡು ಕೆಲಸ ಮಾಡುತ್ತದೆ. ಒಂದು ಸಣ್ಣ ಹಲ್ಲುಚಕ್ರವನ್ನು ಎಂಜಿನ್ನಿನ ದೊಡ್ಡ ಹಲ್ಲುಚಕ್ರಕ್ಕೆ ಕೂರಿಸುತ್ತದೆ, ತುದಿಯಲ್ಲಿರುವ ತಾಮ್ರದ ಬಿಲ್ಲೆಯನ್ನು ಎರಡು ದಪ್ಪ ಬೋಲ್ಟುಗಳಿಗೆ ಒತ್ತಿ ಸೆಲ್ಫಿಗೆ ಕರೆಂಟ್ ಹಾಯಿಸುತ್ತದೆ. ಬಿಲ್ಲೆ ತಾಗಿದ ಕ್ಷಣದಿಂದ ಬಲವಾದ ಸುರುಳಿಯ ಕೆಲಸ ಮುಗಿಯುತ್ತದೆ, ಸಣ್ಣ ಸುರುಳಿಯೊಂದೇ ಕಬ್ಬಿಣವನ್ನು ಹಿಡಿದಿರಬೇಕು. ಸೆಲ್ಫ್ ನೂರು ಆಂಪಿಯರಿನ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಎಳೆಯಲು ಹೊರಡುವುದೂ ಅದೇ ಕ್ಷಣದಲ್ಲಿ. ಆಗ ವೋಲ್ಟೇಜ್ ಕುಸಿದರೆ ಸಣ್ಣ ಸುರುಳಿ ಕೈಬಿಡುತ್ತದೆ, ಸ್ಪ್ರಿಂಗ್ ಕಬ್ಬಿಣವನ್ನು ಹಿಂದಕ್ಕೆ ದೂಡುತ್ತದೆ. ಭಾರ ಇಳಿದೊಡನೆ ವೋಲ್ಟೇಜ್ ಮೇಲೇಳುತ್ತದೆ, ಮತ್ತೆ ಎಳೆತ. ಸೆಕೆಂಡಿಗೆ ಹಲವು ಸಲ.

ಹಾಗಾಗಿ ಟಕಟಕ ಎಂದರೆ ಕೀ ಸರಿಯಿದೆ, ಕೀಯಿಂದ ಸೊಲೆನಾಯ್ಡಿಗೆ ಹೋಗುವ ತಂತಿ ಸರಿಯಿದೆ, ಸೊಲೆನಾಯ್ಡಿಗೆ ಜೀವವಿದೆ. ಭಾರ ಬಿದ್ದಾಗ ವೋಲ್ಟೇಜ್ ನಿಲ್ಲುತ್ತಿಲ್ಲ, ಅಷ್ಟೇ. ಅದು ಎಲ್ಲಿ ಸೋರಿಹೋಗುತ್ತಿದೆ ಎಂಬುದನ್ನು ಸದ್ದು ಹೇಳುವುದಿಲ್ಲ. ಆ ಸುಳಿವು ಕೊಡುವುದು ಆರಿದ ಮೀಟರ್ ಬೋರ್ಡ್.

ಇದನ್ನು ವೈಂಡಿಂಗ್ ಅಣ್ಣ ಲೈನ್‌ಮ್ಯಾನ್ ಯೋಚಿಸುವಂತೆ ಯೋಚಿಸಿದರು. ಒಂದು ಮನೆಯ ಮೋಟರ್ ಹಾಕಿದಾಗ ಆ ಮನೆಯ ದೀಪ ಮಾತ್ರ ಮಂಕಾದರೆ ದೋಷ ಆ ಮನೆಯ ಸರ್ವಿಸ್ ವೈರಿನಲ್ಲಿ. ಬೀದಿಯ ಮನೆಗಳೆಲ್ಲ ಮಂಕಾದರೆ ದೋಷ ಲೈನು ಕವಲೊಡೆಯುವುದಕ್ಕಿಂತ ಹಿಂದೆ, ಟ್ರಾನ್ಸ್‌ಫಾರ್ಮರಿನ ಕಡೆಗೆ. ಕಾರಿನಲ್ಲೂ ಬ್ಯಾಟರಿಯ ಕೂಡಲೇ ಒಂದು ಕವಲು ಇದೆ. ದಪ್ಪ ಕೇಬಲ್ ಸೆಲ್ಫಿಗೆ ಹೋದರೆ ಇನ್ನೊಂದು ತಂತಿ ಫ್ಯೂಸ್ ಬಾಕ್ಸ್ ಮೂಲಕ ಮೀಟರ್ ಬೋರ್ಡಿಗೆ, ದೀಪಗಳಿಗೆ ಹೋಗುತ್ತದೆ. ಸೆಲ್ಫಿನ ದಾರಿಯಲ್ಲಿ ಮಾತ್ರ ತೊಂದರೆಯಿದ್ದರೆ ಬೋರ್ಡಿನ ದೀಪಕ್ಕೆ ಅದರ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಸೆಲ್ಫಿನ ಜೊತೆ ಬೋರ್ಡೂ ಸತ್ತಿತೆಂದರೆ ವೋಲ್ಟೇಜ್ ಕಳೆದುಹೋಗುತ್ತಿರುವುದು ಕವಲಿಗಿಂತ ಹಿಂದೆ. ಅಲ್ಲಿ ಇರುವುದಾದರೂ ಏನು? ಬ್ಯಾಟರಿ, ಅದರ ತಲೆಯ ಮೇಲಿನ ಎರಡು ಸೀಸದ ಗೂಟ, ಗೂಟಗಳನ್ನು ಅಪ್ಪಿ ಹಿಡಿದ ಎರಡು ಕ್ಲಾಂಪ್, ಮತ್ತು ನೆಗೆಟಿವ್ ಕ್ಲಾಂಪಿನಿಂದ ಬಾಡಿಗೆ ಹೋಗುವ ಅರ್ಥ್ ಕೇಬಲ್. ಹುಡುಕಬೇಕಾದ ಜಾಗ ಒಂದು ಮೊಳದಷ್ಟು.

ಇದರ ತದ್ವಿರುದ್ಧ ಲಕ್ಷಣವನ್ನೂ ತಿಳಿದಿರಬೇಕು. ಬೋರ್ಡಿನ ದೀಪ ಪ್ರಕಾಶಮಾನವಾಗಿಯೇ ಇದ್ದು, ಕೀ ತಿರುಗಿಸಿದಾಗ 'ಟಕ್' ಎಂದು ಒಂದೇ ಸದ್ದು ಬಂದು ಸುಮ್ಮನಾದರೆ ಬ್ಯಾಟರಿಯನ್ನು ದೂರಬೇಡಿ. ಅದು ಸೆಲ್ಫಿನ ಒಳಗಿನ ಬ್ರಶ್ಶಿನದೋ ತಾಮ್ರದ ಬಿಲ್ಲೆಯದೋ ಕಾಯಿಲೆ ಇರಬಹುದು, ಎಂಜಿನ್ನಿನಿಂದ ಬಾಡಿಗೆ ಬರುವ ಅರ್ಥ್ ಪಟ್ಟಿ ಸಡಿಲಾಗಿಯೂ ಇರಬಹುದು. ಇನ್ನು ದೀಪವೂ ಇಲ್ಲ, ಸದ್ದೂ ಇಲ್ಲ ಎಂದರೆ ಸಂಪರ್ಕ ಪೂರ್ತಿ ಕಡಿದಿದೆ, ಇಲ್ಲವೆ ಬ್ಯಾಟರಿ ತಳ ಕಂಡಿದೆ. ಟಕಟಕ ಎನ್ನಬೇಕಾದರೂ ಸ್ವಲ್ಪ ಕಸುವು ಬೇಕಲ್ಲ.

ಈಗ ಉಳಿದದ್ದು ಎರಡೇ ಆರೋಪಿಗಳು, ಬ್ಯಾಟರಿ ಮತ್ತು ಕ್ಲಾಂಪು. ಕಣ್ಣಿಗೆ ಒಂದು ಅಂದಾಜು ಸಿಗುತ್ತದೆ. ಕೀ ಮುಟ್ಟುವ ಮೊದಲೇ ಹೆಡ್‌ಲೈಟ್ ಹಾಕಿದಾಗ ಅದು ಮಂಕಾಗಿ, ಕೆಂಪಗೆ ಉರಿದರೆ ಬ್ಯಾಟರಿ ಇಳಿದಿರುವ ಸಂಭವ ಹೆಚ್ಚು. ಹೆಡ್‌ಲೈಟ್ ಚೆನ್ನಾಗಿಯೇ ಉರಿದು, ಕೀ ತಿರುಗಿಸಿದ ಕ್ಷಣ ಪೂರ್ತಿ ಆರಿಹೋದರೆ ಕ್ಲಾಂಪಿನ ಮೇಲೆ ಅನುಮಾನ ಪಡಬೇಕು. ಆದರೆ ಇದೊಂದನ್ನೇ ನಂಬಿ ತೀರ್ಪು ಕೊಡಲಾಗದು. ಒಳಗಿನ ಸೀಸದ ತಟ್ಟೆಗಳು ಸವೆದ ಬ್ಯಾಟರಿ ಕೂಡ ಸಣ್ಣ ದೀಪಗಳನ್ನು ಚೆನ್ನಾಗಿ ಉರಿಸಿ, ಸೆಲ್ಫಿನ ಭಾರ ಬಿದ್ದೊಡನೆ ಕುಸಿಯಬಲ್ಲದು. ಖಚಿತವಾಗಿ ತಿಳಿಯಲು ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಸಾಕು.

ಅಣ್ಣ ಮೀಟರನ್ನು ಡಿಸಿ ವೋಲ್ಟಿನ 20ರ ಮನೆಗೆ ತಿರುಗಿಸಿದರು. ಮೊದಲು ಬ್ಯಾಟರಿ ಸುಮ್ಮನಿದ್ದಾಗಿನ ಅಳತೆ. ಕೆಂಪು ಮುಳ್ಳನ್ನು ಪಾಸಿಟಿವ್ ಗೂಟದ ನೆತ್ತಿಗೆ, ಕಪ್ಪು ಮುಳ್ಳನ್ನು ನೆಗೆಟಿವ್ ಗೂಟದ ನೆತ್ತಿಗೆ ಒತ್ತಿದರು. ಕ್ಲಾಂಪಿಗಲ್ಲ, ಗೂಟಕ್ಕೇ. ಇಡೀ ಪರೀಕ್ಷೆಯ ಜೀವಾಳ ಈ ಒಂದು ಬೆರಳಿನ ಅಂತರದಲ್ಲಿದೆ. ಮೀಟರ್ 12.5 ತೋರಿಸಿತು. ಸಾಮಾನ್ಯ ಸೀಸ-ಆಮ್ಲದ ಬ್ಯಾಟರಿಯಲ್ಲಿ ಆರು ಕೋಶಗಳು, ಒಂದೊಂದಕ್ಕೆ ಸುಮಾರು 2.1 ವೋಲ್ಟ್. ಪೂರ್ತಿ ತುಂಬಿ ಕೆಲವು ಗಂಟೆ ವಿಶ್ರಮಿಸಿದ ಬ್ಯಾಟರಿ 12.6ರ ಸುತ್ತಮುತ್ತ ಇರುತ್ತದೆ. 12.2ಕ್ಕೆ ಇಳಿದರೆ ಹತ್ತಿರಹತ್ತಿರ ಅರ್ಧ ಖಾಲಿ, 12ಕ್ಕಿಂತ ಕೆಳಗೆ ಬಂದರೆ ಸೆಲ್ಫ್ ಎಳೆಯುವ ಭರವಸೆ ಇಲ್ಲ. 12ಕ್ಕೂ 12.6ಕ್ಕೂ ನೋಡಲು ಕೂದಲೆಳೆಯ ವ್ಯತ್ಯಾಸ, ಬ್ಯಾಟರಿಯ ಪಾಲಿಗೆ ಅದು ಉಪವಾಸಕ್ಕೂ ಊಟಕ್ಕೂ ಇರುವಷ್ಟು ದೊಡ್ಡದು. ನಮ್ಮದು 12.5 ಇತ್ತು, ಅಂದರೆ ಹೊಟ್ಟೆ ತುಂಬಿತ್ತು.

"ಈಗ ಕೀ ತಿರುಗಿಸು, ನಾಲ್ಕು ಸೆಕೆಂಡ್ ಸಾಕು" ಎಂದರು. ಗೇರ್ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು ತಿರುಗಿಸಿದೆ. ಟಕಟಕ ಶುರುವಾಯಿತು, ಬೋರ್ಡ್ ಕತ್ತಲಾಯಿತು. ಗೂಟದಿಂದ ಗೂಟಕ್ಕೆ ಹಿಡಿದ ಮೀಟರ್ ಮಾತ್ರ 12ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಬ್ಯಾಟರಿ ಇಳಿದಿದ್ದರೆ ಇಲ್ಲಿ ಅಂಕಿ ಏಳಕ್ಕೋ ಆರಕ್ಕೋ ಬಿದ್ದು ಕುಣಿಯುತ್ತಿತ್ತು. ಸದ್ದು ಬರುವಾಗ ಅಂಕಿ ಒಂದೆಡೆ ನಿಲ್ಲುವುದಿಲ್ಲ, ನೋಡಬೇಕಾದದ್ದು ಅದು ಎಷ್ಟು ಆಳಕ್ಕೆ ಬೀಳುತ್ತದೆ ಎಂಬುದನ್ನು.

ಆಮೇಲೆ ಅವರು ಮುಳ್ಳುಗಳ ಜಾಗ ಬದಲಿಸಿದರು. ಒಂದು ಮುಳ್ಳು ಪಾಸಿಟಿವ್ ಗೂಟಕ್ಕೆ, ಇನ್ನೊಂದು ಅದೇ ಗೂಟವನ್ನು ಅಪ್ಪಿದ ಕ್ಲಾಂಪಿಗೆ. ಎರಡೂ ಒಂದಕ್ಕೊಂದು ಅಂಟಿಕೊಂಡ ಲೋಹ, ನಡುವೆ ವೋಲ್ಟೇಜ್ ಇರಲೇಬಾರದು. ಕೀ ತಿರುಗಿಸಿದಾಗಲೂ ಹತ್ತನೇ ಒಂದು ವೋಲ್ಟ್ ದಾಟಲಿಲ್ಲ. ಸರಿ. ನೆಗೆಟಿವ್ ಗೂಟ ಮತ್ತು ಅದರ ಕ್ಲಾಂಪಿನ ನಡುವೆ ಇಟ್ಟು ತಿರುಗಿಸಿದಾಗ ಅಂಕಿ ಐದು, ಆರು, ನಾಲ್ಕು ಎಂದು ಜಿಗಿಯಿತು. ಒಂದು ಕೂದಲಿನಷ್ಟೂ ದೂರವಿಲ್ಲದ ಎರಡು ಲೋಹಗಳ ನಡುವೆ ಬ್ಯಾಟರಿಯ ಅರ್ಧದಷ್ಟು ವೋಲ್ಟೇಜ್ ಕಾಣೆಯಾಗುತ್ತಿತ್ತು. ಕೈಯಿಂದ ಹಿಡಿದು ತಿರುಗಿಸಿದರೆ ಕ್ಲಾಂಪ್ ಅಲುಗಾಡಿತು. ಬಿಚ್ಚಿ ನೋಡಿದರೆ ಒಳಗಿನ ಬಳೆಯ ತುಂಬ ಬೂದುಬಣ್ಣದ ಗಟ್ಟಿ ಪದರ, ಅಂಚಿನಲ್ಲಿ ಬಿಳಿ ಹಿಟ್ಟು, ತಾಮ್ರದ ತಂತಿ ಸೇರುವಲ್ಲಿ ಹಸಿರು ಕಿಲುಬು. ಜೂನ್‌ನಲ್ಲಿ ಹೊಸ ಬ್ಯಾಟರಿ ಕೂರಿಸಿದವರು ಹಳೆಯ ಕಿಲುಬು ಕ್ಲಾಂಪನ್ನೇ ಉಜ್ಜದೆ ಹೊಸ ಗೂಟಕ್ಕೆ ತೊಡಿಸಿದ್ದರು. ಸಡಿಲಾಗದಿರಲಿ ಎಂದು ಸಂದಿಯಲ್ಲಿ ತಗಡಿನ ಚೂರೊಂದನ್ನೂ ತುರುಕಿದ್ದರು.

ಹಾಗಾದರೆ ಬೋರ್ಡಿನ ದೀಪಗಳು ಅರ್ಧ ಕೀಯಲ್ಲಿ ಅಷ್ಟು ಚೆನ್ನಾಗಿ ಉರಿದದ್ದು ಹೇಗೆ? ನನಗೆ ಬಹಳ ಹೊತ್ತು ಕಾಡಿದ ಪ್ರಶ್ನೆ ಇದು. ಉತ್ತರ ಶಾಲೆಯಲ್ಲಿ ಓದಿದ ಓಮನ ನಿಯಮದಲ್ಲೇ ಇದೆ. ಕಿಲುಬಿನ ರೋಧ ಒಂದು ಓಮ್‌ನ ಇಪ್ಪತ್ತನೇ ಒಂದು ಭಾಗ, 0.05 ಓಮ್ ಎಂದುಕೊಳ್ಳಿ. ಮೀಟರ್ ಬೋರ್ಡಿನ ದೀಪಗಳಿಗೆ ಅರ್ಧ ಆಂಪಿಯರ್ ಹರಿದರೆ ಅಲ್ಲಿ ಕಳೆದುಹೋಗುವುದು 0.025 ವೋಲ್ಟ್, ಕಣ್ಣಿಗೆ ಗೊತ್ತೇ ಆಗದು. ಹೆಡ್‌ಲೈಟಿನ 10 ಆಂಪಿಯರಿಗೆ ಅರ್ಧ ವೋಲ್ಟ್, ಅದೂ ಸುಲಭಕ್ಕೆ ಗೊತ್ತಾಗದು. ಸೆಲ್ಫ್ 100 ಆಂಪಿಯರ್ ಎಳೆದರೆ ಅದೇ ಕಿಲುಬು 5 ವೋಲ್ಟ್ ನುಂಗುತ್ತದೆ. ಸಪೂರ ಸಂದಿಯಲ್ಲಿ ಒಬ್ಬೊಬ್ಬರೇ ದಾಟಬಹುದು, ಜಾತ್ರೆಯ ಜನ ದಾಟಲಾಗದು. ಭಾರವಿಲ್ಲದಾಗ ಅಳೆದ ವೋಲ್ಟೇಜು ಕ್ಲಾಂಪಿನ ಬಗ್ಗೆ ಏನನ್ನೂ ಹೇಳುವುದಿಲ್ಲ ಎನ್ನುವುದು ಇದಕ್ಕೇ.

ಜೂನ್‌ನಲ್ಲಿ ಬ್ಯಾಟರಿ ಬದಲಿಸಿದಾಗ ಕಾರು ಸರಿಹೋದದ್ದೂ ಈಗ ಅರ್ಥವಾಯಿತು. ಕ್ಲಾಂಪ್ ಬಿಚ್ಚಿ ಹಾಕುವಾಗ ಕಿಲುಬು ಅಲ್ಲಲ್ಲಿ ಕೆರೆದು ಲೋಹಕ್ಕೆ ಲೋಹ ತಾಗಿತ್ತು. ಮಳೆಗಾಲದ ತೇವಕ್ಕೂ ರಸ್ತೆಯ ಕುಲುಕಾಟಕ್ಕೂ ಕೆಲವೇ ವಾರಗಳಲ್ಲಿ ಆ ತಾಗುವಿಕೆ ಮತ್ತೆ ಹೋಯಿತು. ಬೇರೆ ಕಾರಿನಿಂದ ಜಂಪ್ ಕೊಟ್ಟಾಗಲೂ ಹೀಗೇ ಮೋಸ ಹೋಗಬಹುದು. ಕೇಬಲ್ಲಿನ ಕಚ್ಚುಹಿಡಿ ಸಿಕ್ಕಿಸುವಾಗ ಕ್ಲಾಂಪ್ ಅಲುಗಿ ಕಾರು ಸ್ಟಾರ್ಟ್ ಆಗುತ್ತದೆ, ನಾವು ಬ್ಯಾಟರಿ ಇಳಿದಿತ್ತು ಎಂದು ತೀರ್ಮಾನಿಸುತ್ತೇವೆ.

ಕ್ಲಾಂಪ್ ಉಜ್ಜುವುದು ಅರ್ಧ ಗಂಟೆಯ ಕೆಲಸ, ಕ್ರಮ ಮಾತ್ರ ತಪ್ಪಬಾರದು. ಮೊದಲು ನೆಗೆಟಿವ್ ಬಿಚ್ಚಬೇಕು. ಕಾರಿನ ಬಾಡಿಯೆಲ್ಲ ನೆಗೆಟಿವ್ ಆಗಿರುವುದರಿಂದ, ಪಾಸಿಟಿವ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರಿ ಸ್ಪ್ಯಾನರೇ ಕೆಂಪಗೆ ಕಾಯಬಹುದು. ಉಂಗುರ, ಬಳೆ ತೆಗೆದಿಡಿ. ಬಿಳಿ ಹಿಟ್ಟಿನಲ್ಲಿ ಆಮ್ಲದ ಅಂಶ ಇರುತ್ತದೆ, ಕೈಗವಸು ಇರಲಿ. ಬಿಸಿನೀರಿಗೆ ಒಂದೆರಡು ಚಮಚ ಅಡುಗೆ ಸೋಡಾ ಕಲಸಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕ್ಲಾಂಪಿಗೆ ಹಚ್ಚಿದರೆ ನೊರೆಯೆದ್ದು ಹಿಟ್ಟು ಕರಗುತ್ತದೆ. ಆ ನೀರು ಬ್ಯಾಟರಿಯ ಮುಚ್ಚಳದೊಳಗೆ ಇಳಿಯಬಾರದು. ಒರೆಸಿ ಒಣಗಿಸಿ, ಗೂಟವನ್ನೂ ಕ್ಲಾಂಪಿನ ಒಳಮೈಯನ್ನೂ ಮರಳುಕಾಗದದಿಂದ ಸೀಸ ಬೆಳ್ಳಗೆ ಹೊಳೆಯುವವರೆಗೆ ಉಜ್ಜಬೇಕು. ಕೂರಿಸುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಕೈಯಲ್ಲಿ ತಿರುಗಿಸಿದರೆ ಕ್ಲಾಂಪ್ ಅಲುಗಬಾರದು. ಬಿಗಿ ಮಾಡಿದ ಮೇಲೆ ಹೊರಗಿನಿಂದ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ತೇವ ತಾಗುವುದಿಲ್ಲ. ನಮ್ಮ ಕ್ಲಾಂಪ್ ಹಿಗ್ಗಿಹೋಗಿ ಪೂರ್ತಿ ಬಿಗಿಯಾಗುತ್ತಿರಲಿಲ್ಲ, ಅಣ್ಣ ತಮ್ಮ ಅಂಗಡಿಯಿಂದ ಹೊಸ ಕ್ಲಾಂಪ್ ತಂದು ಹಾಕಿದರು.

ಎಲ್ಲರ ಕಾರಿನಲ್ಲೂ ಕ್ಲಾಂಪೇ ಕಳ್ಳನಾಗಿರುವುದಿಲ್ಲ. ಬ್ಯಾಟರಿ ನಿಜಕ್ಕೂ ಇಳಿಯುತ್ತದೆ, ಕಾರು ನಿಂತಲ್ಲೇ ನಿಂತಿದ್ದರೂ ಇಳಿಯುತ್ತದೆ. ಲಾಕ್ ಮಾಡಿಟ್ಟ ಕಾರಿನಲ್ಲೂ ಗಡಿಯಾರ, ಅಲಾರಂ, ಕಂಪ್ಯೂಟರ್ ಸೇರಿ ಸಣ್ಣಗೆ ಕರೆಂಟ್ ಕುಡಿಯುತ್ತಿರುತ್ತವೆ. ಅದು 50 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೂ ದಿನಕ್ಕೆ 1.2 ಆಂಪಿಯರ್ ಅವರ್ ಆಯಿತು. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಎರಡು ವಾರದಲ್ಲಿ ಅರ್ಧಕ್ಕೆ ಬಂದಿರುತ್ತದೆ. 2020ರ ಲಾಕ್‌ಡೌನಿನಲ್ಲಿ ಅಪಾರ್ಟ್‌ಮೆಂಟಿನ ನೆಲಮಾಳಿಗೆಗಳಲ್ಲಿ ತಿಂಗಳುಗಟ್ಟಲೆ ನಿಂತ ಕಾರುಗಳು ಕೀ ತಿರುಗಿಸಿದಾಗ ಟಕಟಕ ಎಂದದ್ದು ಇದಕ್ಕೇ. ಹೆಡ್‌ಲೈಟ್ ಆರಿಸಲು ಮರೆತರಂತೂ ಮೂರು ನಾಲ್ಕು ಗಂಟೆ ಸಾಕು. ಇಂಥ ಬ್ಯಾಟರಿಯನ್ನು ಚಾರ್ಜರಿಗೆ ಹಾಕಿ ಪೂರ್ತಿ ತುಂಬಿಸಿ, ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಬೇಕು. 12.6ರ ಹತ್ತಿರ ನಿಂತು, ಸೆಲ್ಫ್ ತಿರುಗುವಾಗಲೂ ಗೂಟಗಳ ನಡುವೆ 9.6 ವೋಲ್ಟಿಗಿಂತ ಮೇಲಿದ್ದರೆ ಅದು ಇನ್ನೂ ಬಾಳುವ ಬ್ಯಾಟರಿ. ತುಂಬಿಸಿದ ಮೇಲೂ ಅದಕ್ಕಿಂತ ಕೆಳಗೆ ಬಿದ್ದರೆ ಮಾತ್ರ ಹೊಸದಕ್ಕೆ ದುಡ್ಡು ಕೊಡುವುದು ನ್ಯಾಯ. ಇಳಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ತಟ್ಟೆಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಮತ್ತೆ ಪೂರ್ತಿ ತುಂಬದಂತಾಗುತ್ತದೆ. ಆದ್ದರಿಂದ ತಡಮಾಡಬಾರದು.

ಯಾವ ಕಾರಣವೇ ಇರಲಿ, ಟಕಟಕ ಬಂದ ಮೇಲೂ ಹತ್ತು ಹದಿನೈದು ಸಲ ಕೀ ತಿರುಗಿಸುತ್ತಲೇ ಇರಬೇಡಿ. ಪ್ರತಿ ಟಕ್‌ಗೂ ತಾಮ್ರದ ಬಿಲ್ಲೆ ಮತ್ತು ಬೋಲ್ಟಿನ ನಡುವೆ ಕಿಡಿ ಹಾರಿ ತಾಮ್ರ ಸುಡುತ್ತದೆ. ಹೀಗೆ ಸುಟ್ಟ ಬಿಲ್ಲೆ ಆಮೇಲೆ ಒಂದು ದಿನ ದೀಪವೆಲ್ಲ ಚೆನ್ನಾಗಿ ಉರಿಯುವಾಗಲೇ 'ಟಕ್' ಎಂದು ಒಂದೇ ಸದ್ದು ಮಾಡಿ ಕೂರುತ್ತದೆ. ಆಗ ಸೆಲ್ಫನ್ನೇ ಬಿಚ್ಚಬೇಕಾಗುತ್ತದೆ.

ನೆಗೆಟಿವ್ ಕ್ಲಾಂಪ್ ಬಿಗಿಯಾದ ಮೇಲೆ ಅಣ್ಣ ಮತ್ತೆ ಗೂಟಕ್ಕೊಂದು, ಕ್ಲಾಂಪಿಗೊಂದು ಮುಳ್ಳು ಹಿಡಿದು ತಲೆಯಾಡಿಸಿದರು. ಕೀ ತಿರುಗಿಸಿದೆ. ಮೀಟರ್ 0.04ಕ್ಕೆ ಏರಿ ಇಳಿಯಿತು, ಅಷ್ಟರೊಳಗೆ ಎಂಜಿನ್ ಹತ್ತಿಕೊಂಡಿತ್ತು. ಅವರು ಅಲ್ಲಿಗೇ ಬಿಡಲಿಲ್ಲ. ಎಂಜಿನ್ ಓಡುತ್ತಿರುವಾಗ ಗೂಟದಿಂದ ಗೂಟಕ್ಕೆ ಅಳೆದು 14.2 ಬಂದದ್ದನ್ನು ನನಗೆ ತೋರಿಸಿದರು. ಆಲ್ಟರ್ನೇಟರ್ ಸರಿಯಿದ್ದರೆ ಅದು 13.8ರಿಂದ 14.5ರ ನಡುವೆ ಇರಬೇಕು. ಇಲ್ಲದಿದ್ದರೆ ನಾಳೆ ಇದೇ ಬ್ಯಾಟರಿ ನಿಜವಾಗಿಯೂ ಇಳಿದು, ಇದೇ ಸದ್ದು ಬೇರೆ ಕಾರಣಕ್ಕೆ ಬರುತ್ತಿತ್ತು. ಸಂಜೆ ಚಿಕ್ಕಪ್ಪ ಬಂದಾಗ ಕಾರು ಅಂಗಳದಲ್ಲಿ ಓಡುತ್ತಿತ್ತು. ಕಿಲುಬು ಹಿಡಿದ ಹಳೆಯ ಕ್ಲಾಂಪನ್ನು ನಾನು ಅವರ ಕೈಗಿಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಜೂನ್‌ನಲ್ಲಿ ಕೊಟ್ಟ ಆ ಬ್ಯಾಟರಿ ಗೂಟಕ್ಕೆ ಯಾರೂ ಮೀಟರ್ ಹಿಡಿದಿರಲಿಲ್ಲ, ಅಲ್ವನಾ?" ಎಂದು ಕೇಳಿದರು.